8ನೇ ತರಗತಿಯ ಕರೆನ್ಸಿ ಲೆಕ್ಕಗಳು: ಮೂರನೆಯದಕ್ಕೆ ಎರಡು ಉತ್ತರ ಬರುತ್ತಿದೆ, ಯಾವುದು ಸರಿ?

ಕುಂದಾಪುರದ ಗಣಿತ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯಲ್ಲಿ ಅಪ್ಪನೋ ಮಾವನೋ ಗಲ್ಫ್‌ನಲ್ಲಿ ಇರುವ ಮಕ್ಕಳು ತುಂಬಾ ಜನ. ಶೇಕಡಾ ಪಾಠ ಮುಗಿಯಿತು. ಅಭ್ಯಾಸಕ್ಕೆ ಬೇರೆ ಬೇರೆ ದೇಶದ ಹಣದ ಮೇಲೆ ನಾಲ್ಕು ಲೆಕ್ಕ ಬರೆದಿದ್ದೇನೆ. ಸೋಮವಾರ ಕೊಡಬೇಕು. ಒಮ್ಮೆ ನೋಡಿ. 1, 2, 4ರಲ್ಲಿ ಇರುವ ದರಗಳು ಲೆಕ್ಕಕ್ಕೆಂದು ನಾನೇ ಇಟ್ಟವು, ಇವತ್ತಿನ ದರ ಅಲ್ಲ.

ಲೆಕ್ಕ 1. ದುಬೈಯಿಂದ ಅಪ್ಪ 1,400 ದಿರ್ಹಮ್ ಕಳಿಸಿದರು. 1 ದಿರ್ಹಮ್‌ಗೆ 22.70 ರೂ. ಮನೆಗೆ ಎಷ್ಟು ಬಂತು? ಹಾಗೆಯೇ 5,000 ರೂಪಾಯಿಗೆ ಎಷ್ಟು ದಿರ್ಹಮ್?
ನನ್ನ ಉತ್ತರ: 1,400 × 22.70 = 31,780 ರೂ. ಎರಡನೆಯದು 5,000 ÷ 22.70 = 220.26 ದಿರ್ಹಮ್.

ಲೆಕ್ಕ 2. ಒಂದು ಶಾಲಾ ಬ್ಯಾಗಿಗೆ ಮಂಗಳೂರಿನಲ್ಲಿ 1,150 ರೂ. ದುಬೈಯಲ್ಲಿ 45 ದಿರ್ಹಮ್, ಮೇಲೆ ಶೇ. 5 ವ್ಯಾಟ್. ಎಲ್ಲಿ ಕಡಿಮೆ? ಶೇಕಡಾ ಎಷ್ಟು ಕಡಿಮೆ?
ನನ್ನ ಉತ್ತರ: 45 × 1.05 = 47.25 ದಿರ್ಹಮ್. ಅದು 1,072.58 ರೂ. ದುಬೈಯಲ್ಲಿ ಶೇ. 6.7 ಕಡಿಮೆ.

ಲೆಕ್ಕ 3. 1966ರ ಜೂನ್ 6ರಂದು ಒಂದು ಡಾಲರ್‌ನ ಬೆಲೆ 4.76 ರೂಪಾಯಿಯಿಂದ 7.50 ರೂಪಾಯಿ ಆಯಿತು. ರೂಪಾಯಿ ಶೇಕಡಾ ಎಷ್ಟು ಇಳಿಯಿತು?
ನನ್ನ ಉತ್ತರ: 2.74 ÷ 4.76 × 100 = ಶೇ. 57.6.

ಲೆಕ್ಕ 4. ಅಪ್ಪನ ಕೈಯಲ್ಲಿ 1,400 ದಿರ್ಹಮ್ ಇದೆ. ಒಂದು ಎಕ್ಸ್‌ಚೇಂಜ್‌ನಲ್ಲಿ ಫೀಸ್ ಇಲ್ಲ, ದರ 22.60. ಇನ್ನೊಂದರಲ್ಲಿ 15 ದಿರ್ಹಮ್ ಫೀಸ್, ದರ 22.85. ಎಲ್ಲಿಂದ ಕಳಿಸಿದರೆ ಮನೆಗೆ ಜಾಸ್ತಿ ಬರುತ್ತದೆ?

ಮೂರನೆಯದಕ್ಕೆ ಸ್ಟಾಫ್ ರೂಮಿನಲ್ಲಿ ಸಮಾಜ ವಿಜ್ಞಾನದ ಸರ್ ಒಪ್ಪಲಿಲ್ಲ. "ನಾವು ಓದಿದ್ದು ಶೇ. 36.5" ಎಂದರು. ಮೂರು ಸಲ ಮಾಡಿ ನೋಡಿದೆ, ನನಗೆ 57.6 ಬರುತ್ತಿದೆ. ಎಲ್ಲಿ ತಪ್ಪಿದೆ?

ಮಲ್ಪೆ ಗಾಳಿ

ನಿಮ್ಮದೇ ಸರಿ ಟೀಚರ್. ವ್ಯತ್ಯಾಸವನ್ನು ಹಳೆಯ ಬೆಲೆಯಿಂದ ಭಾಗಿಸಬೇಕು, ಅಷ್ಟೇ. 57.6. ಸಮಾಜದ ಸರ್ 7.50ರಿಂದ ಭಾಗಿಸಿದ್ದಾರೆ. ಹೊಸ ಬೆಲೆಯಿಂದ ಭಾಗಿಸುವುದು ತಪ್ಪು ಅಂತ 7ನೇ ಕ್ಲಾಸಿನಲ್ಲೇ ಹೇಳಿಕೊಡುತ್ತಾರೆ.

ಹಳೇ ಕೌಂಟರ್

ಮಲ್ಪೆಯವರೇ, ಸ್ವಲ್ಪ ತಡೆಯಿರಿ. ಹಳೆಯ ಬೆಲೆಯಿಂದ ಭಾಗಿಸಬೇಕು ಎಂಬ ಮಾತು ಸರಿ. ಆದರೆ ಯಾವುದರ ಹಳೆಯ ಬೆಲೆ?

ಟೀಚರ್ ಕೇಳಿದ್ದು ರೂಪಾಯಿ ಎಷ್ಟು ಇಳಿಯಿತು ಎಂದು. 4.76 ಎಂಬುದು ರೂಪಾಯಿಯ ಬೆಲೆ ಅಲ್ಲ, ಡಾಲರ್‌ನ ಬೆಲೆ. ರೂಪಾಯಿಯ ಬೆಲೆ ಬೇಕೆಂದರೆ ಅದನ್ನು ಡಾಲರ್‌ನಲ್ಲಿ ಹೇಳಬೇಕು. 100 ರೂಪಾಯಿ ಹಿಡಿದುಕೊಂಡು ಹೋಗಿ. ಜೂನ್ 5ರಂದು 21 ಡಾಲರ್ ಸಿಗುತ್ತಿತ್ತು. ಮರುದಿನ 13.33 ಡಾಲರ್ ಮಾತ್ರ. ಹೋದದ್ದು 7.67 ಡಾಲರ್. ಅದನ್ನು 21ರಿಂದ ಭಾಗಿಸಿ. 36.5 ಬಂತು.

ಅಂದರೆ ಡಾಲರ್ ಶೇ. 57.5ರಷ್ಟು ಏರಿತು. ರೂಪಾಯಿ ಶೇ. 36.5ರಷ್ಟು ಇಳಿಯಿತು. ಎರಡೂ ಒಂದೇ ದಿನದ ಒಂದೇ ಘಟನೆ. ಎರಡೂ ಉತ್ತರ ಸರಿ, ಆದರೆ ಬೇರೆ ಬೇರೆ ಪ್ರಶ್ನೆಗಳಿಗೆ. ಟೀಚರ್ ಬರೆದ ಪ್ರಶ್ನೆಗೆ ಸಮಾಜದ ಸರ್ ಉತ್ತರವೇ ಸರಿ.

ಸರ್ಕಾರ ಆಗ ಹೇಳಿದ್ದೂ 36.5 ಎಂದೇ. ಆ ಕಾಲದಲ್ಲಿ ರೂಪಾಯಿಯ ಬೆಲೆಯನ್ನು ಚಿನ್ನದ ತೂಕದಲ್ಲಿ ಇಟ್ಟಿದ್ದರು. ಒಂದು ರೂಪಾಯಿ ಎಂದರೆ 0.186621 ಗ್ರಾಂ ಚಿನ್ನ ಎಂದಿತ್ತು. ಅದನ್ನು 0.118489 ಗ್ರಾಂ ಮಾಡಿದರು. ಈ ಎರಡು ಸಂಖ್ಯೆ ಇಟ್ಟು ಇಳಿಕೆ ತೆಗೆಯಿರಿ, ಅದೇ 36.5 ಬರುತ್ತದೆ.

ಮಲ್ಪೆ ಗಾಳಿ

ಆದರೆ ಸರ್, ಪೇಪರಿನಲ್ಲಿ "ರೂಪಾಯಿ 50 ಪೈಸೆ ಕುಸಿತ" ಎಂದೇ ಬರೆಯುತ್ತಾರಲ್ಲ. ಅದು ಡಾಲರ್‌ನ ಬೆಲೆಯಲ್ಲಿ ಆದ ವ್ಯತ್ಯಾಸ ತಾನೇ? ಜನ ಮಾತಾಡುವ ರೀತಿಯಲ್ಲಿ 57 ಎಂದರೆ ಏನು ತಪ್ಪು?

ಹಳೇ ಕೌಂಟರ್

ಪೈಸೆಯಲ್ಲಿ ಹೇಳಿದರೆ ತೊಂದರೆ ಇಲ್ಲ. ಶೇಕಡಾದಲ್ಲಿ ಹೇಳುವಾಗ ಎಡವುತ್ತೇವೆ. ಒಂದು ಪರೀಕ್ಷೆ ಮಾಡಿ ನೋಡಿ. ಡಾಲರ್ 10 ರೂಪಾಯಿಯಿಂದ 30 ರೂಪಾಯಿಗೆ ಹೋಯಿತು ಅಂದುಕೊಳ್ಳಿ. ನಿಮ್ಮ ರೀತಿಯಲ್ಲಿ ಮಾಡಿದರೆ ರೂಪಾಯಿ ಶೇ. 200 ಇಳಿದಂತೆ ಆಯಿತು. ಯಾವ ವಸ್ತುವಿನ ಬೆಲೆಯೂ ಶೇ. 100ಕ್ಕಿಂತ ಜಾಸ್ತಿ ಇಳಿಯಲು ಆಗುವುದಿಲ್ಲ. 100 ಇಳಿದರೆ ಸೊನ್ನೆ. ಸೊನ್ನೆಯ ಕೆಳಗೆ ಬೆಲೆ ಎಲ್ಲಿದೆ? ನಿಜಕ್ಕೂ ಅಲ್ಲಿ ಆದದ್ದು ಶೇ. 66.7 ಇಳಿಕೆ. ಒಂದು ರೂಪಾಯಿಗೆ ಮೊದಲು 10 ಸೆಂಟ್ ಸಿಗುತ್ತಿತ್ತು, ಈಗ 3.33 ಸೆಂಟ್.

ಸಣ್ಣ ಬದಲಾವಣೆಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಡಾಲರ್ 80ರಿಂದ 81 ಆದರೆ ಏರಿಕೆ 1.25, ಇಳಿಕೆ 1.23. ಅದಕ್ಕೇ ದಿನಾ ಪೇಪರ್ ಓದುವವರಿಗೆ ಇದು ಗೊತ್ತಾಗುವುದೇ ಇಲ್ಲ. 1966ರಂಥ ದೊಡ್ಡ ಏಟಿನಲ್ಲಿ 57 ಮತ್ತು 36 ಎಂದು ಎದ್ದು ಕಾಣುತ್ತದೆ.

ಮಲ್ಪೆ ಗಾಳಿ

10ರಿಂದ 30ರ ಉದಾಹರಣೆ ನೋಡಿದ ಮೇಲೆ ಒಪ್ಪಿದೆ ಸರ್. ಶೇ. 200 ಇಳಿಕೆ ಸಾಧ್ಯವೇ ಇಲ್ಲ.

ಕುಂದಾಪುರದ ಗಣಿತ ಟೀಚರ್

ಹಳೇ ಕೌಂಟರ್ ಸರ್, ತುಂಬಾ ಉಪಕಾರ ಆಯಿತು. ಈಗಲೇ ಸಮಾಜದ ಸರ್‌ಗೆ ಫೋನ್ ಮಾಡಿ ಹೇಳಿದೆ. ಲೆಕ್ಕವನ್ನು ಬಿಡುವುದಿಲ್ಲ. ಎರಡೂ ಪ್ರಶ್ನೆ ಕೇಳುತ್ತೇನೆ: ಡಾಲರ್ ಎಷ್ಟು ಏರಿತು, ರೂಪಾಯಿ ಎಷ್ಟು ಇಳಿಯಿತು. ಮಕ್ಕಳು ಎರಡು ಉತ್ತರ ಯಾಕೆ ಬೇರೆ ಎಂದು ಬರೆಯಲಿ.

ಇಬ್ಬರು ಮಕ್ಕಳ ಅಮ್ಮ

ಟೀಚರ್, ನಾನೂ ಇಲ್ಲಿ ಒಂದು ಕೇಳಬಹುದಾ? ನನ್ನ ಗಂಡ ಕುವೈತ್‌ನಲ್ಲಿ ಇದ್ದಾರೆ. ಮಗ 7ನೇ ಕ್ಲಾಸ್. ಮೊನ್ನೆ ಅವನಿಗೊಂದು ಲೆಕ್ಕ ಕೊಟ್ಟಿದ್ದರು. ಜ್ಯೂಸ್ ಡಬ್ಬಕ್ಕೆ 2 ದಿನಾರ್ 50 ಫಿಲ್ಸ್, ಒಂದು ದಿನಾರ್‌ಗೆ 270 ರೂಪಾಯಿ, ಎಷ್ಟು ರೂಪಾಯಿ ಆಗುತ್ತದೆ ಎಂದು. ಅವನು 2.50 × 270 = 675 ಎಂದು ಬರೆದ. ತಪ್ಪು ಹಾಕಿದ್ದಾರೆ. ಗುಣಾಕಾರ ಸರಿ ಇದೆ. ಅವನು ಎರಡು ದಿನದಿಂದ ಬೇಜಾರು ಮಾಡಿಕೊಂಡಿದ್ದಾನೆ. ಶಾಲೆಗೆ ಹೋಗಿ ಕೇಳಬೇಕು ಅಂತಿದ್ದೇನೆ.

ಫಾಹಾಹೀಲ್ ಕನ್ನಡಿಗ

ಅಕ್ಕಾ, ಹೋಗಬೇಡಿ. ಹಾಕಿದ ತಪ್ಪು ಸರಿಯಾಗಿಯೇ ಇದೆ. ಕುವೈತ್‌ನಲ್ಲಿ ಒಂದು ದಿನಾರ್‌ಗೆ 100 ಫಿಲ್ಸ್ ಅಲ್ಲ, 1,000 ಫಿಲ್ಸ್. 2 ದಿನಾರ್ 50 ಫಿಲ್ಸ್ ಎಂದರೆ 2.050. ರೂಪಾಯಿಯಲ್ಲಿ 553.50. ಮಗ 121 ರೂಪಾಯಿ ಐವತ್ತು ಪೈಸೆ ಜಾಸ್ತಿ ಕೊಟ್ಟುಬಿಟ್ಟ.

ಇಲ್ಲಿಗೆ ಹೊಸದಾಗಿ ಬಂದ ದೊಡ್ಡವರೂ ಇದನ್ನೇ ಮಾಡುತ್ತಾರೆ. ನಾನೂ ಮೊದಲ ವಾರ ಅಂಗಡಿಯಲ್ಲಿ 1.250 ಎಂದು ನೋಡಿ, ಸೊನ್ನೆ ಸುಮ್ನೆ ಹಾಕಿದ್ದಾರೆ ಅಂದುಕೊಂಡಿದ್ದೆ. ಬೆಲೆ ಚೀಟಿಯಲ್ಲಿ ಚುಕ್ಕಿಯ ನಂತರ ಮೂರು ಅಂಕಿ ಇದ್ದರೆ ಅದು ಸಾವಿರದ ಲೆಕ್ಕ ಎಂದು ತಿಳಿಯಬೇಕು. ಬಹರೈನ್ ದಿನಾರ್‌ಗೂ 1,000 ಫಿಲ್ಸ್, ಒಮಾನ್ ರಿಯಾಲ್‌ಗೂ 1,000 ಬೈಸಾ. ದುಬೈ ದಿರ್ಹಮ್‌ಗೆ ಮಾತ್ರ ನಮ್ಮ ಹಾಗೆ 100 ಫಿಲ್ಸ್. ಹೆಸರು ಒಂದೇ ಫಿಲ್ಸ್, ಎರಡು ದೇಶದಲ್ಲಿ ಎರಡು ಲೆಕ್ಕ.

ಗಂಡನಿಗೆ ಹೇಳಿ, ಮುಂದಿನ ಸಲ ಬರುವಾಗ ಒಂದು ಕಾಲು ದಿನಾರ್ ನೋಟು ತರಲಿ. 250 ಫಿಲ್ಸ್. ಮಗ ಅದನ್ನು ಕೈಯಲ್ಲಿ ಹಿಡಿದರೆ ಮತ್ತೆ ಮರೆಯುವುದಿಲ್ಲ.

ಇಬ್ಬರು ಮಕ್ಕಳ ಅಮ್ಮ

ಅಯ್ಯೋ, ಗೊತ್ತೇ ಇರಲಿಲ್ಲ ಅಣ್ಣ. ಒಳ್ಳೆದಾಯಿತು ಕೇಳಿದ್ದು. ಆದರೂ ಪ್ರಶ್ನೆಯಲ್ಲಿ ಸಾವಿರ ಫಿಲ್ಸ್ ಎಂದು ಒಂದು ಮಾತು ಬರೆಯಬಹುದಿತ್ತು ಅಲ್ವಾ? ಮಗು ಅದನ್ನು ಊಹಿಸಲು ಆಗುತ್ತದಾ?

ಕುಂದಾಪುರದ ಗಣಿತ ಟೀಚರ್

ಬರೆಯಲೇಬೇಕಿತ್ತು. ಈ ವಿಷಯದಲ್ಲಿ ನಾನು ನಿಮ್ಮ ಮಗನ ಪರ. ಗೊತ್ತಿಲ್ಲದ ಸಂಗತಿಗೆ ಅಂಕ ಕಡಿಯಬಾರದು.

ಹಳೇ ಕೌಂಟರ್

ನಮ್ಮಲ್ಲೂ ಇದೇ ಕಷ್ಟ ಇತ್ತು. 1957ರ ಏಪ್ರಿಲ್ 1ರಂದು ನಯಾಪೈಸೆ ಬರುವ ತನಕ ರೂಪಾಯಿಗೆ 16 ಆಣೆ. 1 ರೂಪಾಯಿ 3 ಆಣೆ ಎಂದರೆ 1.3 ಅಲ್ಲ, 1.03 ಕೂಡ ಅಲ್ಲ, 1.1875. ಚುಕ್ಕಿ ಇಟ್ಟು ಬರೆಯುವ ಮೊದಲು ಒಂದು ನೋಟಿಗೆ ಎಷ್ಟು ಚಿಲ್ಲರೆ ಎಂದು ಕೇಳಿಕೊಳ್ಳಬೇಕು.

ಹುಬ್ಬಳ್ಳಿ ಪಿಯುಸಿ

ಒಂದು ದಿನಾರ್‌ಗೆ 270 ರೂಪಾಯಿ ಅಂದ್ರೆ ಕುವೈತ್ ನಮಗಿಂತ 270 ಪಟ್ಟು ಶ್ರೀಮಂತ ಅಂತ ಆಯ್ತಲ್ಲ. ಇದನ್ನೂ ಒಂದು ಲೆಕ್ಕ ಮಾಡಿ ಹಾಕಬಹುದು ಮೇಡಂ.

ಫಾಹಾಹೀಲ್ ಕನ್ನಡಿಗ

ಇಲ್ಲಪ್ಪಾ, ಹಾಗಲ್ಲ. ಒಂದು ಮೂಟೆ ಅಕ್ಕಿಗೂ ಒಂದು ಸೇರು ಅಕ್ಕಿಗೂ ಹೋಲಿಸಿದ ಹಾಗೆ ಅದು. ಅಳತೆಯ ಪಾತ್ರೆ ದೊಡ್ಡದು ಅಂದಮಾತ್ರಕ್ಕೆ ಮನೆಯಲ್ಲಿ ಅಕ್ಕಿ ಜಾಸ್ತಿ ಇದೆ ಎಂದಲ್ಲ. ಜಪಾನ್ ನೋಡು. ಒಂದು ಯೆನ್‌ಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಹಾಗಂತ ಜಪಾನ್ ನಮಗಿಂತ ಬಡ ದೇಶವಾ?

ಇಲ್ಲಿ ಬಾಡಿಗೆಯೂ ದಿನಾರ್‌ನಲ್ಲೇ, ಟೊಮೆಟೊವೂ ದಿನಾರ್‌ನಲ್ಲೇ. ಸಂಬಳವನ್ನು ಮಾತ್ರ 270ರಿಂದ ಗುಣಿಸಿ ಊರಿನಲ್ಲಿ ಹೇಳಿದರೆ ಅದು ಅರ್ಧ ಲೆಕ್ಕ. ಖರ್ಚನ್ನೂ ಅದೇ 270ರಿಂದ ಗುಣಿಸಬೇಕು.

ಹಳೇ ಕೌಂಟರ್

ದಿನಾರ್ ಯಾಕೆ ಅಷ್ಟು ದೊಡ್ಡದು ಎಂಬುದಕ್ಕೆ ಒಂದು ಕಥೆ ಇದೆ, ಅದು ನಮ್ಮ ರೂಪಾಯಿಗೇ ಸೇರಿದ್ದು. ಆಗ ಕುವೈತ್, ಬಹರೈನ್, ಕತಾರ್, ದುಬೈ, ಒಮಾನ್ ಕಡೆ ಓಡುತ್ತಿದ್ದದ್ದು ರೂಪಾಯಿಯೇ. ಚಿನ್ನದ ಕಳ್ಳಸಾಗಣೆ ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕ್ ಆ ಕಡೆಗೆಂದೇ ಬೇರೆ ನೋಟು ಮಾಡಿತು. ಗಲ್ಫ್ ರೂಪಾಯಿ ಎನ್ನುತ್ತಿದ್ದರು. ನಮ್ಮ ನೋಟಿನ ಹಾಗೇ, ಬಣ್ಣ ಬೇರೆ, ನಂಬರಿನ ಮುಂದೆ Z ಅಕ್ಷರ.

1961ರಲ್ಲಿ ಕುವೈತ್ ಸ್ವಂತ ದಿನಾರ್ ತಂದಿತು. ಒಂದು ದಿನಾರ್ ಒಂದು ಬ್ರಿಟಿಷ್ ಪೌಂಡಿಗೆ ಸಮ ಎಂದು ಇಟ್ಟರು. ಪೌಂಡ್ ಆಗ 13 ರೂಪಾಯಿ 33 ಪೈಸೆ. ಹೀಗೆ ದಿನಾರ್ ಹುಟ್ಟುವಾಗಲೇ ದೊಡ್ಡ ಅಳತೆ. ಬಹರೈನ್ 1965ರಲ್ಲಿ 10 ರೂಪಾಯಿಗೆ ಒಂದು ದಿನಾರ್ ಮಾಡಿತು. 1966ರ ಜೂನ್‌ನಲ್ಲಿ ನಾವು ರೂಪಾಯಿ ಇಳಿಸಿದಾಗ ಗಲ್ಫ್ ರೂಪಾಯಿಯೂ ಜೊತೆಗೇ ಬಿತ್ತು. ಆ ವರ್ಷವೇ ಕತಾರ್ ಮತ್ತು ದುಬೈ ಬೇರೆ ನಾಣ್ಯಕ್ಕೆ ಹೋದವು.

ಹುಬ್ಬಳ್ಳಿ ಪಿಯುಸಿ

ಇದು ಗೊತ್ತೇ ಇರಲಿಲ್ಲ ಸರ್! ದುಬೈನಲ್ಲಿ ರೂಪಾಯಿ ಓಡ್ತಿತ್ತಾ!

ಪೌಂಡ್ 13.33 ಅಂದ್ರಿ. ಮೇಲೆ 100 ರೂಪಾಯಿಗೆ ಡಾಲರ್ ಕೂಡ 13.33 ಅಂತ ಬರೆದಿದ್ದೀರಿ. ಎರಡೂ ಒಂದೇನಾ?

ಹಳೇ ಕೌಂಟರ್

ಒಳ್ಳೆಯ ಕಣ್ಣು ನಿನ್ನದು. ಎರಡೂ ಒಂದೇ ಅಲ್ಲ, ಸಂಖ್ಯೆ ಮಾತ್ರ ಕೂಡಿ ಬಂದಿದೆ. ಒಂದು ಕಡೆ 13.33 ರೂಪಾಯಿ, ಇನ್ನೊಂದು ಕಡೆ 13.33 ಡಾಲರ್. 13.33ನ್ನು 7.5ರಿಂದ ಗುಣಿಸಿದರೆ 100 ಆಗುತ್ತದೆ, ಅಷ್ಟಕ್ಕೇ ಹೀಗೆ ಕಾಣುತ್ತದೆ.

ಪೌಂಡ್ ಬಂದದ್ದಕ್ಕೆ ಇನ್ನೊಂದು ಸಂಗತಿ ಹೇಳುತ್ತೇನೆ, ಟೀಚರ್‌ಗೆ ಉಪಯೋಗ ಆಗಬಹುದು. ಆಗ ಒಂದು ಪೌಂಡಿಗೆ 2.80 ಡಾಲರ್ ಎಂದು ನಿಗದಿ ಇತ್ತು. ಆದ್ದರಿಂದ ಹೊಸ ಪೌಂಡ್ ದರವನ್ನು ಮಕ್ಕಳೇ ಕಂಡುಹಿಡಿಯಬಹುದು. 7.50 × 2.80 = 21 ರೂಪಾಯಿ. ನಿಜವಾಗಿಯೂ ಅದೇ ದರ ಆಯಿತು. ಈಗ 13.33ರಿಂದ 21ಕ್ಕೆ ಏರಿಕೆ ಶೇಕಡಾ ಎಷ್ಟು ನೋಡಿ. ಅದೇ 57.5. ಡಾಲರ್‌ನಲ್ಲಿ ಮಾಡಿದರೂ ಪೌಂಡಿನಲ್ಲಿ ಮಾಡಿದರೂ ಒಂದೇ ಶೇಕಡಾ. ಡಾಲರ್ ಮತ್ತು ಪೌಂಡಿನ ನಡುವೆ ಏನೂ ಬದಲಾಗಲಿಲ್ಲ, ಜಾಗ ಬದಲಿಸಿದ್ದು ರೂಪಾಯಿ ಒಂದೇ.

ಕುಂದಾಪುರದ ಗಣಿತ ಟೀಚರ್

ಇದನ್ನು 3(ಆ) ಮಾಡಿ ಸೇರಿಸುತ್ತೇನೆ. ಒಂದು ದರ ಗೊತ್ತಿದ್ದರೆ ಇನ್ನೊಂದು ಹೇಗೆ ಬರುತ್ತದೆ ಎಂಬುದಕ್ಕೆ ಇಷ್ಟು ಚೆಂದದ ಉದಾಹರಣೆ ನನ್ನ ಹತ್ತಿರ ಇರಲಿಲ್ಲ.

ದೇರಾ ದಿನಚರಿ

ದುಬೈಯಿಂದ ಬರೆಯುತ್ತಿದ್ದೇನೆ, ಊರು ಬೈಂದೂರು. ಎರಡನೇ ಲೆಕ್ಕದಲ್ಲಿ ಒಂದು ತಪ್ಪಿದೆ ಟೀಚರ್. ಇಲ್ಲಿ ಅಂಗಡಿಯ ಚೀಟಿಯಲ್ಲಿ ಬರೆದ ಬೆಲೆಯಲ್ಲೇ ವ್ಯಾಟ್ ಸೇರಿರಬೇಕು. 2018ರ ಜನವರಿಯಲ್ಲಿ ಶೇ. 5 ವ್ಯಾಟ್ ಬಂದಾಗಿನಿಂದ ಹಾಗೇ. 45 ಎಂದು ಚೀಟಿ ಇದ್ದರೆ ಕೌಂಟರಿನಲ್ಲಿ 45 ಕೊಟ್ಟು ಬರುತ್ತೇವೆ. ಮೇಲೆ ಮತ್ತೆ 5 ಹಾಕಿದರೆ ಎರಡು ಸಲ ತೆರಿಗೆ ಹಾಕಿದಂತೆ.

ಹಾಗೆ ಮಾಡಿದರೆ 45 × 22.70 = 1,021.50 ರೂ. ಮಂಗಳೂರಿಗಿಂತ 128.50 ರೂ. ಕಡಿಮೆ. ಶೇಕಡಾ 11.2. ನಿಮ್ಮ 6.7ಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ.

ಮಲ್ಪೆ ಗಾಳಿ

128.50ನ್ನು 1,021.50ರಿಂದ ಭಾಗಿಸಿದರೆ 12.6 ಬರುತ್ತದೆ. ಈಗ ನಾನೂ ಕೇಳುತ್ತೇನೆ, ಯಾವುದರ ಶೇಕಡಾ?

ದೇರಾ ದಿನಚರಿ

"ದುಬೈಯಲ್ಲಿ ಎಷ್ಟು ಕಡಿಮೆ" ಎಂದರೆ ಮಂಗಳೂರಿನ ಬೆಲೆಯಿಂದ ಭಾಗಿಸಬೇಕು, 11.2. "ಮಂಗಳೂರಿನಲ್ಲಿ ಎಷ್ಟು ಜಾಸ್ತಿ" ಎಂದು ಕೇಳಿದ್ದರೆ 12.6. ಯಾವುದಕ್ಕಿಂತ ಎಂದು ಹೇಳುತ್ತೇವೋ ಅದು ಕೆಳಗೆ ಬರಬೇಕು. ಮೂರನೇ ಲೆಕ್ಕದ ಜಗಳವೇ ಇಲ್ಲೂ ಇದೆ.

ಹುಬ್ಬಳ್ಳಿ ಪಿಯುಸಿ

ಒಂದನೇ ಲೆಕ್ಕದ ಎರಡನೇ ಭಾಗ ನಾನು ಬೇರೆ ರೀತಿ ಮಾಡಿದೆ. 1 ÷ 22.70 = 0.04 ದಿರ್ಹಮ್. 5,000 × 0.04 = 200 ದಿರ್ಹಮ್. ಮೇಡಂ ಉತ್ತರ 220 ಅಂತಿದೆ. ದಾರಿ ಸರಿ ಇದೆ ಅಲ್ವಾ?

ಕುಂದಾಪುರದ ಗಣಿತ ಟೀಚರ್

ದಾರಿ ಸರಿ ಇದೆ. ಮಧ್ಯದಲ್ಲೇ ಅಂಕಿ ಕತ್ತರಿಸಿದ್ದು ತಪ್ಪಾಯಿತು. 1 ÷ 22.70 ಎಂದರೆ 0.04405. ನೀನು 0.04 ಎಂದು ನಿಲ್ಲಿಸಿದೆ. ಅಷ್ಟು ಸಣ್ಣ ಸಂಖ್ಯೆಯಲ್ಲಿ ಹತ್ತನೇ ಒಂದು ಭಾಗದಷ್ಟು ಬಿಟ್ಟುಬಿಟ್ಟೆ. ಅದನ್ನು 5,000ದಿಂದ ಗುಣಿಸಿದಾಗ 20 ದಿರ್ಹಮ್ ಕಾಣೆಯಾಯಿತು. ಎರಡು ದಶಮಾಂಶ ಎಂಬುದು ಕೊನೆಯ ಉತ್ತರಕ್ಕೆ ಮಾತ್ರ. ನನ್ನ ತರಗತಿಯಲ್ಲಿ ಅರ್ಧ ಮಕ್ಕಳು ಇದೇ ಮಾಡುತ್ತಾರೆ, ಅದಕ್ಕೇ ನಾನು ನೇರವಾಗಿ 5,000 ÷ 22.70 ಮಾಡಿಸುವುದು.

ಗುಣಿಸಬೇಕಾ ಭಾಗಿಸಬೇಕಾ ಎಂದು ಗೊತ್ತಾಗದೆ ಇದ್ದರೆ ನಾನು ಒಂದೇ ಮಾತು ಕೇಳುತ್ತೇನೆ: ಉತ್ತರ ದೊಡ್ಡದಾಗಬೇಕಾ ಸಣ್ಣದಾಗಬೇಕಾ? ದಿರ್ಹಮ್ ದೊಡ್ಡ ಅಳತೆ, ಆದ್ದರಿಂದ ಎಣಿಕೆ ಸಣ್ಣದಾಗಬೇಕು. 5,000 ರೂಪಾಯಿಗೆ 1,13,500 ದಿರ್ಹಮ್ ಎಂದು ಬರೆದ ಮಗುವಿಗೆ ಅಷ್ಟು ಕೇಳಿದರೆ ಸಾಕು, ತಾನೇ ಅಳಿಸುತ್ತದೆ.

ದೇರಾ ದಿನಚರಿ

ನಾಲ್ಕನೆಯದಕ್ಕೆ ಬರೋಣ. ಅದು ನನ್ನ ಪ್ರತಿ ತಿಂಗಳ ಲೆಕ್ಕ. ಫೀಸ್ ಇಲ್ಲದ ಕಡೆ 1,400 × 22.60 = 31,640. ಫೀಸ್ ಇರುವ ಕಡೆ ಮೊದಲು 15 ಕಳೆಯಬೇಕು. 1,385 × 22.85 = 31,647.25. ಮನೆಗೆ 7 ರೂಪಾಯಿ 25 ಪೈಸೆ ಜಾಸ್ತಿ. ಅಷ್ಟಕ್ಕೆ ಆ ಕಡೆ ಬಸ್ಸು ಹತ್ತುವವರು ಯಾರೂ ಇಲ್ಲ.

ಆದರೆ 1,000 ಮಾತ್ರ ಇದ್ದರೆ ಫೀಸ್ ಇಲ್ಲದ ಕಡೆಯೇ ಒಳ್ಳೆಯದು, 92 ರೂಪಾಯಿ ಉಳಿಯುತ್ತದೆ. 3,000 ಇದ್ದರೆ ಫೀಸ್ ಇರುವ ಕಡೆ 407 ರೂಪಾಯಿ ಜಾಸ್ತಿ ಬರುತ್ತದೆ. "ಫೀಸ್ ಸೊನ್ನೆ" ಎಂದು ದೊಡ್ಡ ಬೋರ್ಡ್ ಇದ್ದರೆ ದರವನ್ನು ನೋಡಬೇಕು. ಅವರ ಫೀಸ್ ಆ ದರದ ಒಳಗೇ ಕೂತಿರುತ್ತದೆ. ದಿರ್ಹಮ್‌ಗೆ 25 ಪೈಸೆ ಎಂದರೆ ಕಣ್ಣಿಗೆ ಕಾಣುವುದಿಲ್ಲ, 3,000 ದಿರ್ಹಮ್‌ಗೆ ಅದು 750 ರೂಪಾಯಿ.

ಮಕ್ಕಳಿಗೆ ಹೀಗೆ ಕೇಳಿ ಟೀಚರ್: ಎಷ್ಟು ದಿರ್ಹಮ್ ಆದಾಗ ಎರಡೂ ಸಮ?

ಮಲ್ಪೆ ಗಾಳಿ

ಮಾಡಿದೆ. 15 ದಿರ್ಹಮ್ ಫೀಸ್ ಎಂದರೆ 342.75 ರೂ. ಪ್ರತಿ ದಿರ್ಹಮ್‌ಗೆ ಲಾಭ 0.25 ರೂ. ಭಾಗಿಸಿದರೆ 1,371 ದಿರ್ಹಮ್. ಅದಕ್ಕಿಂತ ಜಾಸ್ತಿ ಇದ್ದರೆ ಫೀಸ್ ಕೊಡುವುದೇ ಲಾಭ.

ಫಾಹಾಹೀಲ್ ಕನ್ನಡಿಗ

ನನಗೆ 1,356 ಬರುತ್ತಿದೆಯಲ್ಲ. ಫೀಸ್ ಕೈಯಿಂದ ಬೇರೆ ಕೊಡುತ್ತೇನೆ, ಕಳಿಸುವ ಹಣದಿಂದ ಕಡಿಯುವುದಿಲ್ಲ. ಇಲ್ಲಿ ನಾವು ಹಾಗೇ ಮಾಡುವುದು.

ದೇರಾ ದಿನಚರಿ

ನೀವಿಬ್ಬರೂ ಒಂದೇ ಹೇಳುತ್ತಿದ್ದೀರಿ. 1,356 ಕಳಿಸಿ 15 ಬೇರೆ ಕೊಟ್ಟರೆ ಜೇಬಿನಿಂದ ಹೋದದ್ದು 1,371. ಅದೇ 1,371ನ್ನು ಫೀಸ್ ಇಲ್ಲದ ಕಡೆ ಪೂರ್ತಿ ಕಳಿಸಿದ್ದರೂ ಮನೆಗೆ ಅಷ್ಟೇ ಬರುತ್ತಿತ್ತು, 30,984 ರೂ. 60 ಪೈಸೆ. ಬೇಕಾದರೆ ಮಾಡಿ ನೋಡಿ. ಜೇಬಿನಿಂದ ಹೋದದ್ದನ್ನು ಸಮ ಇಟ್ಟುಕೊಂಡು ಹೋಲಿಸಬೇಕು. ಒಂದು ಕಡೆ 1,400, ಇನ್ನೊಂದು ಕಡೆ 1,415 ಕೊಟ್ಟು ಎಲ್ಲಿ ಲಾಭ ಎಂದು ಕೇಳಿದರೆ ಹೋಲಿಕೆ ಕೆಡುತ್ತದೆ.

ಇಬ್ಬರು ಮಕ್ಕಳ ಅಮ್ಮ

ಗಂಡನಿಗೆ ಈ ಲೆಕ್ಕ ಕಳಿಸಿದೆ. ಅವರು ಪ್ರತಿ ವಾರ ಸ್ವಲ್ಪ ಸ್ವಲ್ಪ ಹಾಕುತ್ತಾರೆ, ಪ್ರತಿ ಸಲ ಫೀಸ್ ಕೊಡುತ್ತಾರೆ. ತಿಂಗಳಿಗೆ ಒಂದೇ ಸಲ ಹಾಕಿದರೆ ಉಳಿಯುತ್ತದಾ?

ದೇರಾ ದಿನಚರಿ

ದರ ಒಂದೇ ಇದ್ದರೆ ಮೂರು ಫೀಸ್ ಉಳಿಯುತ್ತದೆ ಅಕ್ಕ. ಆದರೆ ತಿಂಗಳೊಳಗೆ ದರ ಏರಬಹುದು, ಇಳಿಯಬಹುದು. ಅದನ್ನು ಮೊದಲೇ ಹೇಳಲು ಆಗುವುದಿಲ್ಲ.

ಹಳೇ ಕೌಂಟರ್

ಟೀಚರ್, ಜಾಗ ಇದ್ದರೆ ಇನ್ನೊಂದು ಸೇರಿಸಿ. 1991ರಲ್ಲಿ ರೂಪಾಯಿಯನ್ನು ಎರಡು ಹೆಜ್ಜೆಯಲ್ಲಿ ಇಳಿಸಿದರು. ಜುಲೈ 1ರಂದು ಸುಮಾರು ಶೇ. 9, ಜುಲೈ 3ರಂದು ಸುಮಾರು ಶೇ. 11. ಒಟ್ಟು ಎಷ್ಟು? ಎಲ್ಲರೂ 20 ಎನ್ನುತ್ತಾರೆ. 100 ಮೊದಲು 91 ಆಯಿತು. ಎರಡನೇ ಸಲ 11 ಹೋದದ್ದು ಆ 91ರ ಮೇಲೆ, ಅಂದರೆ 10 ಮಾತ್ರ. ಉಳಿದದ್ದು 81. ಒಟ್ಟು ಇಳಿಕೆ 19.

ಮಲ್ಪೆ ಗಾಳಿ

8ನೇ ಕ್ಲಾಸಿಗೆ ಇದು ಜಾಸ್ತಿ ಆಯಿತು ಸರ್. "ಸುಮಾರು" ಎಂದು ಕೊಟ್ಟು ಒಂದೇ ಉತ್ತರ ಬರೆಯಿರಿ ಎಂದರೆ ಹೇಗೆ? ನನ್ನ ಪ್ರಕಾರ ಲೆಕ್ಕಕ್ಕೆ 10, 20, 25ರಂಥ ದುಂಡು ದರ ಇರಬೇಕು. ಮಕ್ಕಳು ಶೇಕಡಾ ಕಲಿಯಲಿ, ದಶಮಾಂಶದಲ್ಲಿ ಮುಳುಗುವುದು ಬೇಡ.

ಹಳೇ ಕೌಂಟರ್

ದುಂಡು ದರದಲ್ಲಿ ಕಲಿತ ಮಗು ಎಕ್ಸ್‌ಚೇಂಜ್ ಬೋರ್ಡಿನ ಮುಂದೆ ನಿಂತರೆ 22.60ಕ್ಕೂ 22.85ಕ್ಕೂ ಇರುವ ವ್ಯತ್ಯಾಸವನ್ನು ಬಿಟ್ಟುಬಿಡುತ್ತದೆ. ನಾನು ಒಪ್ಪುವುದಿಲ್ಲ.

ಕುಂದಾಪುರದ ಗಣಿತ ಟೀಚರ್

ಇಬ್ಬರ ಮಾತೂ ನನಗೆ ಬೇಕು. ಮೊದಲ ಸುತ್ತು ದುಂಡು ದರದಲ್ಲಿ ಬೋರ್ಡ್ ಮೇಲೆ ಮಾಡಿಸುತ್ತೇನೆ, ಹಾಳೆಯಲ್ಲಿ ನಿಜದ ದರ ಇರಲಿ. 1991 ಈ ಸಲ ಬಿಡುತ್ತೇನೆ ಸರ್, ಸಮಯ ಸಾಲದು.

ಕುಂದಾಪುರದ ಗಣಿತ ಟೀಚರ್ (ಬುಧವಾರ)

ಲೆಕ್ಕ ಕೊಟ್ಟೆ. ಬ್ಯಾಗಿನ ಲೆಕ್ಕವನ್ನು ದೇರಾದವರು ಹೇಳಿದ ಹಾಗೆ ತಿದ್ದಿದ್ದೆ. ನಾಲ್ಕನೆಯದನ್ನು ಮಕ್ಕಳು ಎಲ್ಲಕ್ಕಿಂತ ಬೇಗ ಹಿಡಿದರು. ಮನೆಯಲ್ಲಿ ಕೇಳಿದ ಮಾತು ಅಲ್ವಾ.

ಮೂರನೆಯದು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತಳು. "ಟೀಚರ್, ಬಿದ್ದದ್ದು 36.5 ಆದರೆ ಮೊದಲಿದ್ದ ಜಾಗಕ್ಕೆ ಹತ್ತಲು ಎಷ್ಟು ಬೇಕು? 36.5 ಸಾಕಾ?" ಎಂದು ಕೇಳಿದಳು. ಬೋರ್ಡ್ ಮೇಲೆ ಅವಳ ಕೈಯಲ್ಲೇ ಮಾಡಿಸಿದೆ. 100 ಇದ್ದದ್ದು 63.5 ಆಗಿದೆ. ಮತ್ತೆ 100 ಆಗಲು 36.5 ಸೇರಬೇಕು, ಆದರೆ ಈಗ ಅದು 63.5ರ ಮೇಲೆ. ಭಾಗಿಸಿದಳು. 57.48 ಬಂತು. ಸೀಮೆಸುಣ್ಣ ಹಿಡಿದುಕೊಂಡು ಮೇಲಿನ ಸಾಲಿನ ಉತ್ತರವನ್ನೂ ಇದನ್ನೂ ನೋಡುತ್ತಾ ನಿಂತುಬಿಟ್ಟಳು. ನನಗೂ ಅದು ಮೊದಲು ಹೊಳೆದಿರಲಿಲ್ಲ.

ಈಗ ಅಂಕ ಕೊಡುವಾಗ ಒಂದು ತೊಡಕು. ಡಾಲರ್ ಏರಿಕೆಗೆ ಕೆಲವರು 57.6 ಬರೆದಿದ್ದಾರೆ, ಕೆಲವರು 57.56, ಪೌಂಡಿನಿಂದ ಮಾಡಿದವರು 57.5. ಯಾವುದಕ್ಕೆ ಪೂರ್ತಿ ಅಂಕ?

ಹಳೇ ಕೌಂಟರ್

4.76 ಎಂಬುದೇ ಕತ್ತರಿಸಿದ ಸಂಖ್ಯೆ. ಪೂರ್ತಿ ದರ 4.7619. ಅದರಿಂದ ಮಾಡಿದರೆ ಸರಿಯಾಗಿ 57.5. ಆದರೆ ನೀವು ಕೊಟ್ಟದ್ದು 4.76. ಕೊಟ್ಟ ಸಂಖ್ಯೆಯಿಂದ ಮಾಡಿದ ಮೂವರಿಗೂ ಪೂರ್ತಿ ಅಂಕ ಕೊಡಿ.

ಮಲ್ಪೆ ಗಾಳಿ

57.56 ಬರೆದವರಿಗೆ ಅರ್ಧ ಅಂಕ ಕಡಿಯಬೇಕು ಅಂತ ನನಗೆ ಅನಿಸುತ್ತದೆ. 4.76ರಲ್ಲಿ ಮೂರೇ ಅಂಕಿ ಇದೆ, ಉತ್ತರದಲ್ಲಿ ನಾಲ್ಕು ಎಲ್ಲಿಂದ ಬಂತು?

ಇಬ್ಬರು ಮಕ್ಕಳ ಅಮ್ಮ

ಮಲ್ಪೆಯವರೇ, 8ನೇ ಕ್ಲಾಸಿನ ಮಕ್ಕಳಿಗೆ ಅದನ್ನು ಯಾರಾದರೂ ಮೊದಲೇ ಹೇಳಿದ್ದಾರಾ?